ಚೀಲದ ರೇಟಿಗಿಂತ ಮೊದಲು ಮನೆ ಸುದ್ದಿ: ಒಂದು ಸ್ವಾಹಿಲಿ ಮೆಸೇಜಿನ ಕಥೆ

(ಪೂರ್ವ ಆಫ್ರಿಕಾ ಜೊತೆ ವ್ಯಾಪಾರ ಮಾಡುವವರು ಮಂಗಳೂರಿನಲ್ಲಿ ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ನಡುನಡುವೆ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಗೇರುಬೀಜದವರೇ ಜಾಸ್ತಿ ಇದ್ದೀರಿ. ತಾಂಜಾನಿಯಾದ ಮ್ತ್ವಾರಾ, ಲಿಂಡಿ ಅಂದರೆ ನಿಮಗೆ ಪಕ್ಕದ ತಾಲ್ಲೂಕಿನ ಹೆಸರು ಹೇಳಿದ ಹಾಗೆ. ನಾನು ಗೇರಿನವನಲ್ಲ, ತೊಗರಿಯವನು. ದಾರ್ ಎಸ್ ಸಲಾಮ್‌ನಲ್ಲಿ ನ್ಯೆರೆರೆ ರಸ್ತೆಯ ಒಂದು ಗೋಡೌನಿನಲ್ಲಿ ಕೆಲವು ವರ್ಷ ಖರೀದಿ ನೋಡಿಕೊಳ್ಳುತ್ತಿದ್ದೆ. ತೊಗರಿಗೆ ಅಲ್ಲಿ ಎಂಬಾಝಿ ಅಂತಾರೆ. ಒಳನಾಡಿನಿಂದ ಬಂದ ಎಂಬಾಝಿಯನ್ನು ಜರಡಿ ಹಿಡಿದು, ಕಲ್ಲು ಮಣ್ಣು ತೆಗೆದು, 50 ಕೆ.ಜಿ. ಚೀಲಕ್ಕೆ ತುಂಬಿ ಹಡಗಿಗೆ ಕಳಿಸೋದು ನಮ್ಮ ಕೆಲಸ. ತೊಗರಿ ಖರೀದಿ ದೊಡ್ಡವರು ಮಾಡುತ್ತಿದ್ದರು. ನನ್ನ ಪಾಲಿಗೆ ಬಂದಿದ್ದು ಚೀಲ, ಹೊಲಿಯುವ ದಾರ, ಲೇಬಲ್ಲು, ಗಾಡಿ ಬಾಡಿಗೆ, ಇಂಥವು. ಅಂದರೆ ದಿನಕ್ಕೆ ಹತ್ತು ಮೆಸೇಜು ಹಾಕುವ ಕೆಲಸ.

ಇವತ್ತು ಅಂಥ ಒಂದು ಮೆಸೇಜಿನ ಬಗ್ಗೆ ಮಾತ್ರ ಮಾತಾಡ್ತೀನಿ. ಐದಾರು ಸಾಲಿನ ಮೆಸೇಜು. ಅದನ್ನ ಸರಿಯಾಗಿ ಬರೆಯೋಕೆ ನನಗೆ ಸುಮಾರು ಒಂದು ಸೀಸನ್ ಹಿಡೀತು.

ಮೊದಲ ಆಗಸ್ಟ್ ಅದು. ಹೊಸ ಬೆಳೆ ಬರುವ ಹೊತ್ತು. ಚೀಲ ಖಾಲಿ ಆಗ್ತಿತ್ತು. ಚೀಲ ಕೊಡುತ್ತಿದ್ದವರು ಕರಿಯಾಕೋ ಮಾರ್ಕೆಟ್ಟಿನ ಒಬ್ಬ ಹೆಂಗಸು, ಐವತ್ತೈದರ ಮೇಲಿನ ವಯಸ್ಸು. ಅಲ್ಲಿ ಹೆಂಗಸರನ್ನ ಮಗುವಿನ ಹೆಸರು ಸೇರಿಸಿ ‘ಇಂಥವರ ಅಮ್ಮ’ ಅಂತ ಕರೆಯೋದು ರೂಢಿ, ನಮ್ಮ ಬೀದಿಯಲ್ಲಿ ‘ಪುಟ್ಟಿ ಅಮ್ಮ’ ಅಂತ ಕರೆದ ಹಾಗೆ. ಇವರನ್ನೂ ಎಲ್ಲರೂ ದೊಡ್ಡ ಮಗಳ ಹೆಸರಿನಿಂದಲೇ ಕರೀತಿದ್ದರು. ಇಲ್ಲಿ ಹೆಸರು ಬೇಡ, ಸುಮ್ನೆ ಮಾಮ ಅಂತೀನಿ. ಸ್ವಾಹಿಲಿಯಲ್ಲಿ ಮಾಮ ಅಂದರೆ ಅಮ್ಮ. ನಮ್ಮ ಸೋದರಮಾವ ಅಲ್ಲ, ಇದನ್ನ ನೆನಪಿಟ್ಟುಕೊಳ್ಳಿ.

ನಾನು ಪುಸ್ತಕ ಇಟ್ಟುಕೊಂಡು ಸ್ವಾಹಿಲಿ ಕಲಿತಿದ್ದೆ. ವ್ಯಾಕರಣ ತಪ್ಪಬಾರದು ಅಂತ ಎರಡು ಸಲ ನೋಡಿ, ಹೀಗೆ ಕಳಿಸಿದೆ:

“ಹಬಾರಿ. ನತಾಕ ಮಗುನೀಯ ಮೀಯ ತಾನೊ ಯ ಕೀಲೊ ಹಮ್ಸೀನಿ. ಬೇಯಿ ಗಾನಿ?”

ನಮಸ್ಕಾರ, ಐವತ್ತು ಕಿಲೋದ ಐನೂರು ಚೀಲ ಬೇಕು, ರೇಟೆಷ್ಟು? ಇಷ್ಟೇ ಅರ್ಥ. ಗುನೀಯ ಅಂದರೆ ಚೀಲ, ನಮ್ಮ ಗೋಣಿಯ ನೆಂಟ. ಒಂದಕ್ಕಿಂತ ಜಾಸ್ತಿ ಆದರೆ ಮಗುನೀಯ. ಐನೂರು ಚೀಲ ಅಂದರೆ 25 ಟನ್, ಹೆಚ್ಚು ಕಡಿಮೆ ಒಂದು ಸಣ್ಣ ಕಂಟೇನರ್ ಲೋಡು. ಮೆಸೇಜಲ್ಲಿ ಒಂದೂ ತಪ್ಪಿರಲಿಲ್ಲ.

ಓದಿದ ಗುರುತು ಕೂಡಲೇ ಬಂತು. ಉತ್ತರ ಮುಕ್ಕಾಲು ಗಂಟೆ ಆದ ಮೇಲೆ ಬಂತು. ಎರಡೇ ತುಂಡು.

“ನ್ಝೂರಿ. ಝ ಕ್ವಾಕೊ?”

ನಾನು ರೇಟು ಎಲ್ಲಿದೆ ಅಂತ ಹುಡುಕಿದೆ. ನೆಟ್‌ವರ್ಕ್ ಸರಿ ಇಲ್ಲವೇನೋ, ಇನ್ನೊಂದು ಮೆಸೇಜು ಬರುತ್ತೇನೋ ಅಂತ ಕಾದೆ. ಬರಲಿಲ್ಲ. ಮಧ್ಯಾಹ್ನ ಮತ್ತೆ “ಬೇಯಿ ಗಾನಿ?” ಅಂತ ಹಾಕಿದೆ. ಅದಕ್ಕೂ ಉತ್ತರ ಇಲ್ಲ. ಸಂಜೆ ಗೋಡೌನಿನ ಲೆಕ್ಕ ಬರೆಯುವ ಹುಡುಗನಿಗೆ ಫೋನ್ ತೋರಿಸಿದೆ. ಅವನು ನೋಡಿ ಒಂದೇ ಮಾತು ಹೇಳಿದ: “ಅವರು ಕೇಳಿದ್ದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲವಲ್ಲ.”

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದರೆ ವಿಷಯ ಇರೋದೇ ಇಲ್ಲಿ.

ಹಬಾರಿ ಅನ್ನುವ ಮಾತನ್ನ ನಾನು ‘ನಮಸ್ಕಾರ’ ಅಂದುಕೊಂಡಿದ್ದೆ. ಅದು ನಮಸ್ಕಾರ ಅಲ್ಲ. ಹಬಾರಿ ಅಂದರೆ ಸುದ್ದಿ. ಅರಬ್ಬಿಯ ಖಬರ್ ಅಲ್ಲಿ ಹಬಾರಿ ಆಗಿದೆ, ನಮ್ಮ ಉತ್ತರ ಕರ್ನಾಟಕದಲ್ಲಿ ಖಬರು ಆಗಿದೆ. “ಏನಪಾ, ಏನ್ ಖಬರು?” ಅಂತಾರಲ್ಲ, ಅದೇ ಪದ. ಅಂದರೆ ಹಬಾರಿ ಅಂತ ಹೇಳಿದ ಕೂಡಲೇ ನೀವು ಒಂದು ಪ್ರಶ್ನೆ ಕೇಳಿದ್ದೀರಿ ಅಂತ ಅರ್ಥ. ಎದುರಿನವರು ಅದಕ್ಕೆ ‘ನ್ಝೂರಿ’, ಒಳ್ಳೇದು, ಅಂತಾರೆ. ಆಮೇಲೆ ಸರದಿ ಅವರದು. ‘ಝ ಕ್ವಾಕೊ?’ ನಿನ್ನದು? ಅಂದರೆ ನಿನ್ನ ಕಡೆ ಸುದ್ದಿ ಏನು? ಇದಕ್ಕೆ ನಾವು ಉತ್ತರ ಕೊಡಬೇಕು. ಬೀದಿಯಲ್ಲಿ ಒಬ್ಬರು “ಚೆನ್ನಾಗಿದ್ದೀರಾ?” ಅಂತ ಕೇಳಿದಾಗ ನಾವು ಮುಖ ನೋಡದೆ “ಈರುಳ್ಳಿ ಕಿಲೋ ಎಷ್ಟು?” ಅಂದರೆ ಹೇಗಿರುತ್ತೆ ಹೇಳಿ. ನಾನು ಮಾಡಿದ್ದು ಅದನ್ನೇ. ಮಾಮ ಸಿಟ್ಟಾಗಿರಲಿಲ್ಲ. ತನ್ನ ಸರದಿ ಮುಗಿಸಿ, ನನ್ನ ಸರದಿಗೆ ಕಾಯುತ್ತಿದ್ದರು, ಅಷ್ಟೇ.

ರಾತ್ರಿ “ನ್ಝೂರಿ ಮಾಮ, ಅಸಾಂತೆ” ಅಂತ ಹಾಕಿದೆ, ಒಳ್ಳೇದು ಅಮ್ಮ, ಥ್ಯಾಂಕ್ಸ್ ಅಂತ. ಬೆಳಿಗ್ಗೆ ಏಳಕ್ಕೆ ರೇಟು ಬಂದಿತ್ತು.

ಆವತ್ತಿನಿಂದ ಆ ಹುಡುಗನ ಹತ್ತಿರ ಕೂತು ಮೆಸೇಜು ಬರೆಯೋದು ಕಲಿತೆ. ಅವನು ಒಂದೊಂದೇ ಸಾಲು ಸೇರಿಸುತ್ತಾ ಬಂದ. ಕೊನೆಗೆ ನಿಂತ ರೂಪ ಇದು:

“ಶಿಕಾಮೋ ಮಾಮ. ಹಬಾರಿ ಝ ಅಸುಬೂಹಿ? ನ್ಯುಂಬಾನಿ ಹವಜಾಂಬೊ? ಪೋಲೆ ನ ಕಾಝಿ.
ನಓಂಬ ಬೇಯಿ ಯ ಮಗುನೀಯ ಮೀಯ ತಾನೊ ಯ ಕೀಲೊ ಹಮ್ಸೀನಿ. ತುನಯಹಿತಾಜಿ ಕಾಬ್ಲ ಯ ಇಜುಮಾ.
ಅಸಾಂತೆ. ವಸಲಿಮೀಯೆ ನ್ಯುಂಬಾನಿ.”

ಓದೋಕೆ ಅರ್ಧ ನಿಮಿಷ ಬೇಡ. ಒಂದೊಂದು ತುಂಡೂ ಏನು ಮಾಡುತ್ತೆ ಅಂತ ನೋಡೋಣ.

ಶಿಕಾಮೋ ವಯಸ್ಸಿನಲ್ಲಿ ದೊಡ್ಡವರಿಗೆ ಮಾತ್ರ. ಪದದ ಒಳಗೆ ‘ಶಿಕ’ ಇದೆ, ಹಿಡಿ ಅಂತ. ನಿಮ್ಮ ಕಾಲು ಹಿಡೀತೀನಿ ಅನ್ನೋದು ಇದರ ಮೂಲ ಅರ್ಥ ಅಂತ ಹೇಳ್ತಾರೆ. ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಹಬ್ಬದ ದಿನ ಅಜ್ಜಿಯ ಕಾಲಿಗೆ ಬಿದ್ದವರೇ ಅಲ್ವಾ ನಾವೆಲ್ಲ. ಇದಕ್ಕೆ ಉತ್ತರ ಒಂದೇ: ಮರಹಾಬ. ಬೇರೆ ಏನೂ ಹೇಳಂಗಿಲ್ಲ. ಶಿಕಾಮೋ ಅಂದವರಿಗೆ ತಿರುಗಿ ಶಿಕಾಮೋ ಅನ್ನಬಾರದು, ದೊಡ್ಡವರು ಚಿಕ್ಕವರ ಕಾಲಿಗೆ ಬಿದ್ದ ಹಾಗಾಗುತ್ತೆ. ಇಲ್ಲಿ ನಮ್ಮ ಕಡೆಯವರು ಒಂದು ತಪ್ಪು ಮಾಡ್ತಾರೆ. ‘ನಾನು ದುಡ್ಡು ಕೊಡೋನು, ಅವರು ಮಾಲು ಕೊಡೋರು, ನಾನ್ಯಾಕೆ ಮೊದಲು ಶಿಕಾಮೋ ಅನ್ನಲಿ’ ಅಂತ. ದುಡ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಲೆಕ್ಕಕ್ಕೆ ಬರೋದು ವಯಸ್ಸು. ಗೋಡೌನಿನ ಕಾವಲುಗಾರ ನಿಮ್ಮ ಅಪ್ಪನ ವಯಸ್ಸಿನವನಾದರೆ ಅವನಿಗೂ ಶಿಕಾಮೋ. ನಿಮ್ಮ ವಯಸ್ಸಿನವರಿಗೆ ಹೇಳಿದರೆ ಮಾತ್ರ ಅವರಿಗೆ ಮುಜುಗರ, ತಾನೇನು ಮುದುಕನಾ ಅಂತ. ಅಂಥವರಿಗೆ ನೇರ ಹಬಾರಿಯಿಂದ ಶುರು ಮಾಡಿ, ‘ಕಾಕ’ ಅಂತ ಸೇರಿಸಿ. ಕಾಕ ಅಂದರೆ ಅಣ್ಣ, ನಮ್ಮ ಕಾಕಾ ಅಲ್ಲ. ಹೆಂಗಸಾದರೆ ದಾದ, ಅಕ್ಕ.

ಮೊದಲ ಸಲ ಶಿಕಾಮೋ ಹಾಕಿದಾಗ ಮಾಮ ಬರೆದಿದ್ದು ನನಗೆ ಇವತ್ತಿಗೂ ನೆನಪಿದೆ. “ಮರಹಾಬ ಮ್ವಾನಾಂಗು. ಹುಜಾಂಬೊ?” ಮ್ವಾನಾಂಗು ಅಂದರೆ ‘ನನ್ನ ಮಗು’. ಆಗ ನನಗೆ ಮೂವತ್ತೊಂದು ವರ್ಷ, ಊರು ಬಿಟ್ಟು ಐದು ತಿಂಗಳಾಗಿತ್ತು.

ಆಮೇಲಿನದು ಹಬಾರಿ ಝ ಅಸುಬೂಹಿ. ಬೆಳಗಿನ ಸುದ್ದಿ ಏನು? ಬರೀ ಹಬಾರಿಗಿಂತ ಇದು ತುಂಬಿದ ಮಾತು. ‘ಝ’ ಆದ ಮೇಲೆ ಯಾವುದರ ಸುದ್ದಿ ಅಂತ ಸೇರಿಸಬಹುದು: ಝ ಕಾಝಿ ಅಂದರೆ ಕೆಲಸದ್ದು, ಝ ನ್ಯುಂಬಾನಿ ಅಂದರೆ ಮನೆಯದ್ದು, ಝ ಸೀಕು ನ್ಯಿಂಗಿ ಅಂದರೆ ಬಹಳ ದಿನದ್ದು. ಈ ಕೊನೆಯದನ್ನ ತಿಂಗಳುಗಟ್ಟಲೆ ಮಾತಾಡದೆ ಇದ್ದವರಿಗೆ ಹಾಕಬೇಕು. ಮೂರು ತಿಂಗಳು ಸುಮ್ಮನಿದ್ದು ಒಂದು ದಿನ ಇದ್ದಕ್ಕಿದ್ದ ಹಾಗೆ ‘ಬೆಳಗಿನ ಸುದ್ದಿ ಏನು’ ಅಂದರೆ ನಡುವಿನ ಮೂರು ತಿಂಗಳನ್ನ ನುಂಗಿದ ಹಾಗೆ.

ಮೂರನೇದು ನನಗೆ ತುಂಬ ಇಷ್ಟ. ನ್ಯುಂಬಾನಿ ಹವಜಾಂಬೊ? ಟೂರಿಸ್ಟುಗಳಿಗೆ ಎಲ್ಲರೂ ‘ಜಾಂಬೊ!’ ಅಂತಾರಲ್ಲ, ಆ ಜಾಂಬೊ ಅಂದರೆ ಒಂದು ವಿಷಯ, ಒಂದು ಸಂಗತಿ. ಮಾತಿನಲ್ಲಿ ಅದನ್ನ ಒಂಟಿಯಾಗಿ ಬಳಸೋದು ಕಡಿಮೆ. ಹುಜಾಂಬೊ ಅಂದರೆ ‘ನಿನಗೇನೂ ತೊಂದರೆ ಇಲ್ಲ ತಾನೆ?’. ಸಿಜಾಂಬೊ ಅಂದರೆ ‘ನನಗೇನೂ ಇಲ್ಲ’. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ. ಆದರೆ ಇದು ಎದುರಿಗಿಲ್ಲದವರಿಗೂ ತಿರುಗುತ್ತೆ. ಹಜಾಂಬೊ ಅಂದರೆ ‘ಅವರಿಗೇನೂ ಇಲ್ಲ’. ಹವಜಾಂಬೊ ಅಂದರೆ ‘ಅವರೆಲ್ಲರಿಗೂ ಏನೂ ಇಲ್ಲ’. ವತೋತೊ ಹವಜಾಂಬೊ? ಮಕ್ಕಳಿಗೇನೂ ತೊಂದರೆ ಇಲ್ಲ ತಾನೆ? ಉತ್ತರವೂ ಅದೇ ಪದ: ಹವಜಾಂಬೊ. ಪ್ರಶ್ನೆಗೂ ಉತ್ತರಕ್ಕೂ ವ್ಯತ್ಯಾಸ ಇರೋದು ದನಿಯಲ್ಲಿ ಮಾತ್ರ. ಬರೆದಾಗ ಒಂದು ಪ್ರಶ್ನೆ ಚಿಹ್ನೆ, ಅಷ್ಟೇ. ಮನೆಯಲ್ಲಿರುವವರ ಆರೋಗ್ಯ ವಿಚಾರಿಸೋಕೆ ಆ ಭಾಷೆ ಒಂದು ಕ್ರಿಯಾಪದದಷ್ಟು ಸಲೀಸಾದ ಜಾಗ ಮಾಡಿಕೊಟ್ಟಿದೆ.

ಮತ್ತೆ ‘ನ್ಯುಂಬಾನಿ’ ಅಂತ ಯಾಕೆ, ನೇರ ಗಂಡ ಹೆಂಡತಿ ಅಂತ ಯಾಕಿಲ್ಲ? ಸಭೆಯಲ್ಲೂ ಒಬ್ಬರು ಇದನ್ನ ಕೇಳಿದರು. ಕರಾವಳಿ ಸ್ವಾಹಿಲಿಯವರ ನಡುವೆ ಗಂಡಸು ಇನ್ನೊಬ್ಬ ಗಂಡಸಿಗೆ “ನಿನ್ನ ಹೆಂಡತಿ ಹೇಗಿದ್ದಾಳೆ” ಅಂತ ನೇರ ಕೇಳೋದು ಚೆನ್ನಾಗಿರಲ್ಲ. ಮನೆ ಅಂದರೆ ಸಾಕು, ಅದರಲ್ಲಿ ಎಲ್ಲ ಬಂತು. ತೀರಾ ಬೇಕಾದರೆ ‘ಮಾಮ ವತೋತೊ’, ಮಕ್ಕಳ ತಾಯಿ, ಅಂತಾರೆ. ನಾವು ‘ನಿಮ್ಮ ಮನೆಯವರು’ ಅನ್ನಲ್ವಾ, ‘ಮನೇಲೆಲ್ಲ ಆರಾಮಾ’ ಅನ್ನಲ್ವಾ? ಇಂಗ್ಲಿಷಿನಿಂದ ಅನುವಾದ ಮಾಡಿಕೊಂಡು ಹೋದವರು ಇಲ್ಲಿ ಎಡವುತ್ತಾರೆ, ಕನ್ನಡದಿಂದ ನೇರ ಹೋದರೆ ಎಡವೋದು ಕಷ್ಟ.

ಪೋಲೆ ನ ಕಾಝಿ. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಸಿಕ್ಕಲ್ಲ. ಪೋಲೆ ಅಂದರೆ ಕಷ್ಟದಲ್ಲಿರುವವರಿಗೆ ಹೇಳುವ ಅಯ್ಯೋ ಪಾಪ, ಆದರೆ ಅದರಲ್ಲಿ ಕೀಳಾಗಿ ನೋಡುವ ದನಿ ಇಲ್ಲ. ಕೆಲಸದ ದಣಿವಿಗೂ ಪೋಲೆ, ಪ್ರಯಾಣದ ದಣಿವಿಗೂ ಪೋಲೆ, ಜ್ವರಕ್ಕೂ ಪೋಲೆ, ಸಾವಿಗೂ ಪೋಲೆ. ತಪ್ಪು ನಿಮ್ಮದೇ ಆಗಬೇಕಿಲ್ಲ. ತಪ್ಪು ನಿಮ್ಮದಾದರೆ ಬೇರೆ ಪದ ಇದೆ, ಸಮಹಾನಿ. ಈ ಎರಡನ್ನ ಅದಲುಬದಲು ಮಾಡಬೇಡಿ. ತಡವಾಗಿ ದುಡ್ಡು ಹಾಕಿ ‘ಪೋಲೆ’ ಅಂದರೆ ‘ಪಾಪ, ನಿಮಗೆ ಹೀಗಾಯಿತಲ್ಲ’ ಅಂತ ಬೇರೆಯವರ ಕಥೆ ಹೇಳಿದ ಹಾಗಾಗುತ್ತೆ.

ಈಗ ಎರಡನೇ ಸಾಲು, ವ್ಯವಹಾರದ್ದು. ಇಲ್ಲಿ ಮುಖ್ಯವಾಗಿ ಬದಲಾಗಿದ್ದು ಒಂದು ಪದ. ನತಾಕ ಹೋಗಿ ನಓಂಬ ಬಂದಿದೆ. ನತಾಕ ಅಂದರೆ ನನಗೆ ಬೇಕು. ಕನ್ನಡದಲ್ಲಿ ನಾವು ‘ಬೇಕು’ ಅನ್ನೋದನ್ನ ‘ಬೇಕಿತ್ತು’ ಮಾಡಿಬಿಟ್ಟರೆ ಮೆತ್ತಗಾಗುತ್ತೆ. ‘ಐನೂರು ಚೀಲ ಬೇಕಿತ್ತು’ ಅಂದರೆ ಯಾರಿಗೂ ಗಡುಸು ಅನ್ನಿಸಲ್ಲ. ಸ್ವಾಹಿಲಿಯಲ್ಲಿ ಬೇಕು ಅನ್ನೋದನ್ನ ಭೂತಕಾಲಕ್ಕೆ ತಳ್ಳಿದರೆ ಆ ಕೆಲಸ ಹೀಗೆ ಸಲೀಸಾಗಿ ಆಗಲ್ಲ. ಅಲ್ಲಿ ಕ್ರಿಯಾಪದವನ್ನೇ ಬದಲಾಯಿಸುತ್ತಾರೆ. ಓಂಬ ಅಂದರೆ ಬೇಡು, ದೇವರನ್ನ ಬೇಡುವಾಗ ಬರುವ ಅದೇ ಓಂಬ. ಅಂಗಡಿಯಲ್ಲಿ ಒಂದು ಬಾಟಲಿ ನೀರು ತಗೊಳ್ಳುವಾಗಲೂ ‘ನಓಂಬ ಮಾಜಿ’ ಅಂತಾರೆ. ಪುಸ್ತಕದವರು ಕಲಿಸುವ ‘ತಫಧಾಲಿ’, ದಯವಿಟ್ಟು, ಇದ್ದೇ ಇದೆ, ಆದರೆ ನಓಂಬ ಹಾಕಿದ ಮೇಲೆ ಅದು ಬೇಕಾಗಲ್ಲ.

ತುನಯಹಿತಾಜಿ ಕಾಬ್ಲ ಯ ಇಜುಮಾ ಅಂದರೆ ಶುಕ್ರವಾರಕ್ಕೆ ಮೊದಲು ನಮಗೆ ಬೇಕು ಅಂತ. ಇಜುಮಾ ಅಂದರೆ ಶುಕ್ರವಾರ, ಜುಮ್ಮಾ ಅಂತ ನಮಗೂ ಗೊತ್ತು. ದಿನ ಬರೆಯಿರಿ. ಗಂಟೆ ಬರೆಯುವಾಗ ಹುಷಾರು. ಅವರ ಗಂಟೆ ಸೂರ್ಯನಿಂದ ಶುರು: ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು, ನಮ್ಮ ಹತ್ತು ಅವರಿಗೆ ನಾಲ್ಕು. ಆರು ಗಂಟೆ ವ್ಯತ್ಯಾಸ. ‘ಸಾ ನ್ನೆ’ ಅಂತ ನಾಲ್ಕು ಗಂಟೆ ಬರೆದರೆ ಗಾಡಿ ಬೆಳಿಗ್ಗೆ ಹತ್ತಕ್ಕೆ ಬಂದು ನಿಂತಿರುತ್ತೆ. ಇದು ಇವತ್ತಿನ ವಿಷಯ ಅಲ್ಲ, ಆದರೂ ಹೇಳದೆ ಹೋದರೆ ನನಗೆ ಸಮಾಧಾನ ಇರಲ್ಲ.

ಇಷ್ಟು ಕಲಿತ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡೆ. ಮೆಸೇಜನ್ನ ಫೋನಿನಲ್ಲಿ ಉಳಿಸಿಟ್ಟು, ಪ್ರತಿ ಸಲ ಚೀಲದ ಸಂಖ್ಯೆ ಮಾತ್ರ ಬದಲಿಸಿ ಕಳಿಸೋಕೆ ಶುರು ಮಾಡಿದೆ. ನಿಜವಾದ ತಪ್ಪು ಮಾಡಿದ್ದು ಆಗ.

ಅಕ್ಟೋಬರ್ ಇರಬೇಕು. ಎರಡು ಕಂಟೇನರ್ ಒಟ್ಟಿಗೆ ಹೊರಡಬೇಕಿತ್ತು. ಮಾಮಾಗೆ ಸೋಮವಾರ ಬೆಳಿಗ್ಗೆ ಅದೇ ಮೆಸೇಜು ಹಾಕಿದೆ, ಈ ಸಲ ಸಾವಿರ ಚೀಲ. ಉತ್ತರ ಬಂತು: “ಮರಹಾಬ. ನ್ಝೂರಿ ಕಿದೋಗೊ. ಬೇಯಿ ನಿ ಇಲೆ ಇಲೆ.” ರೇಟು ಹಳೇದೇ ಅಂತ. ನನಗೆ ಬೇಕಾಗಿದ್ದು ರೇಟು, ಅದು ಸಿಕ್ಕಿತು. “ಅಸಾಂತೆ, ಇಜುಮಾ” ಅಂತ ಹಾಕಿ ಮುಗಿಸಿದೆ.

ಶುಕ್ರವಾರ ಬಂದಿದ್ದು ಆರು ನೂರು ಚೀಲ. ಉಳಿದಿದ್ದು ಸೋಮವಾರ. ಒಂದು ಕಂಟೇನರ್ ಹಡಗು ತಪ್ಪಿಸಿಕೊಂಡಿತು. ಚೀಲ ತಂದ ಪಿಕಪ್ಪಿನಲ್ಲಿ ಮಾಮಾನ ಮಗ ಬಂದಿದ್ದ. ಅವನು ಇಳಿಸುವಾಗ ಹೇಳಿದ, ಅಜ್ಜ ಹತ್ತು ದಿನದಿಂದ ಆಸ್ಪತ್ರೆಯಲ್ಲಿದ್ದಾರೆ, ಅಮ್ಮ ಅಲ್ಲೇ ಇರ್ತಾರೆ, ಅಂಗಡಿ ನೋಡೋರಿಲ್ಲ.

ನಾನು ಫೋನ್ ತೆಗೆದು ಸೋಮವಾರದ ಉತ್ತರ ಮತ್ತೆ ಓದಿದೆ. ನ್ಝೂರಿ ಕಿದೋಗೊ. ಕಿದೋಗೊ ಅಂದರೆ ಸ್ವಲ್ಪ. ‘ಸ್ವಲ್ಪ ಚೆನ್ನಾಗಿದೆ’. ಅಲ್ಲೇ ಇತ್ತು. ಅವರು ಹೇಳಿದ್ದರು. ನಾನು ಓದಿರಲಿಲ್ಲ.

ಹಬಾರಿಗೆ ಮೊದಲ ಉತ್ತರ ಹೆಚ್ಚು ಕಡಿಮೆ ಯಾವಾಗಲೂ ‘ಒಳ್ಳೇದು’ ಅಂತಲೇ ಇರುತ್ತೆ. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ನ್ಝೂರಿ, ಅಥವಾ ಸಲಾಮ. ಹೊಸಬರು ಇದನ್ನ ನೋಡಿ, ಇದೆಲ್ಲ ಬರೀ ಬಾಯಿಮಾತು, ಅರ್ಥವಿಲ್ಲದ್ದು ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಿಜವಾದ ಸುದ್ದಿ ಇರೋದು ನ್ಝೂರಿ ಆದ ಮೇಲಿನ ಪುಟ್ಟ ಪದದಲ್ಲಿ. ‘ನ್ಝೂರಿ ಸಾನ’ ಅಂದರೆ ತುಂಬ ಚೆನ್ನಾಗಿದೆ, ನಿಶ್ಚಿಂತೆ. ‘ನ್ಝೂರಿ ತು’ ಅಂದರೆ ಹೀಗೇ ನಡೀತಿದೆ. ‘ನ್ಝೂರಿ ಕಿದೋಗೊ’ ಅಂದರೆ ಏನೋ ಇದೆ, ಕೇಳಿದರೆ ಹೇಳ್ತೀನಿ. ‘ನ್ಝೂರಿ, ಇಲ…’ ಅಂದರೆ ಆದರೆ ಅಂತ, ಮುಂದಿನ ಮಾತು ಅವರೇ ಬರೀತಾರೆ: ಇಲ ಮ್ತೋತೊ ಅನಾಉಮ್ವ, ಆದರೆ ಮಗುವಿಗೆ ಹುಷಾರಿಲ್ಲ. ನಮ್ಮಲ್ಲೂ ‘ಹ್ಞೂಂ, ಇದ್ದೀವಪ್ಪ’ ಅಂತ ಯಾರಾದರೂ ಅಂದರೆ ನಾವು ಅಲ್ಲಿಗೆ ಬಿಡ್ತೀವಾ? “ಯಾಕೆ, ಏನಾಯ್ತು?” ಅಂತ ಕೇಳ್ತೀವಿ. ಆ ‘ಯಾಕೆ’ ಕೇಳಬೇಕಾದ ಜಾಗ ಅದು. ಕಿದೋಗೊ ಅಂತ ಬಂದಾಗ ನಾನು ಬರೆಯಬೇಕಾಗಿದ್ದು ಮೂರು ಪದ: “ಕುನ ನೀನಿ ಮಾಮ?” ಏನಾಗಿದೆ ಅಮ್ಮ?

ಅದನ್ನ ಕೇಳಿದ್ದರೆ ಸೋಮವಾರವೇ ಗೊತ್ತಾಗುತ್ತಿತ್ತು, ಅಂಗಡಿಯಲ್ಲಿ ಜನ ಇಲ್ಲ, ಸಾವಿರ ಚೀಲ ಶುಕ್ರವಾರಕ್ಕೆ ಆಗಲ್ಲ ಅಂತ. ನಾನ್ನೂರು ಚೀಲ ಬೇರೆ ಕಡೆ ಹುಡುಕೋಕೆ ನಾಲ್ಕು ದಿನ ಇತ್ತು. ಅಷ್ಟೇ ಅಲ್ಲ, ಆಸ್ಪತ್ರೆ ಬಾಗಿಲಲ್ಲಿ ಕೂತ ಒಬ್ಬ ಮಗಳಿಗೆ ಒಂದು ಮಾತು ಕೇಳಿದ ಹಾಗೂ ಆಗುತ್ತಿತ್ತು. ಇವೆರಡರಲ್ಲಿ ನನ್ನನ್ನ ಇವತ್ತಿಗೂ ಚುಚ್ಚೋದು ಎರಡನೇದು.

ಆವತ್ತೇ ಬರೆದೆ: “ಪೋಲೆ ಸಾನ ಮಾಮ. ನಿಮೆಸಿಕೀಯ ಮ್ಝೇ ಅನಾಉಮ್ವ. ಮೂಂಗು ಅಮ್ಜಾಲಿಯೆ ಆಫ್ಯ ನ್ಜೇಮ. ಉಸಿಜಾಲಿ ಕುಹೂಸು ಮ್ಝೀಗೊ.” ಹಿರಿಯರಿಗೆ ಹುಷಾರಿಲ್ಲ ಅಂತ ಕೇಳಿದೆ, ದೇವರು ಒಳ್ಳೆ ಆರೋಗ್ಯ ಕೊಡಲಿ, ಮಾಲಿನ ಚಿಂತೆ ಬೇಡ. ಮ್ಝೇ ಅಂದರೆ ಹಿರಿಯ, ಯಜಮಾನ. ಮ್ಝೀಗೊ ಅಂದರೆ ಹೊರೆ, ಸರಕಿಗೂ ಅದೇ ಪದ. ಈ ಮೆಸೇಜಲ್ಲಿ ರೇಟಿಲ್ಲ, ದಿನ ಇಲ್ಲ, ಸಂಖ್ಯೆ ಇಲ್ಲ. ಇರಬಾರದು. ಕಾಯಿಲೆ ಸುದ್ದಿ ಬಂದ ಮೆಸೇಜಿಗೆ ಉತ್ತರಿಸುವಾಗ ವ್ಯವಹಾರವನ್ನ ಅದರೊಳಗೆ ತುರುಕಬೇಡಿ. ಬೇಕಾದರೆ ಮಾರನೇ ದಿನ ಇನ್ನೊಂದು ಹಾಕಿ.

ಅಲ್ಲಿಂದ ಮುಂದೆ ಕೆಲವು ವಾರ ಮೆಸೇಜಿನ ಮೂರನೇ ತುಂಡು ಬದಲಾಯಿತು. ನ್ಯುಂಬಾನಿ ಹವಜಾಂಬೊ ಬದಲು “ಮ್ಝೇ ಅನಾಎಂದೆಲೇಯಾಜೆ?” ಹಿರಿಯರು ಹೇಗಿದ್ದಾರೆ, ಅಂದರೆ ಹೇಗೆ ಮುಂದುವರೀತಿದ್ದಾರೆ ಅಂತ. ಕಾಯಿಲೆ ಗೊತ್ತಿದ್ದ ಮೇಲೆ ಮಾಮೂಲಿ ‘ಹಜಾಂಬೊ’, ಏನೂ ತೊಂದರೆ ಇಲ್ಲ ತಾನೆ ಅಂತ ಕೇಳೋದು ಸರಿಯಾಗಲ್ಲ. ತೊಂದರೆ ಇದೆ ಅಂತ ಗೊತ್ತಲ್ಲ! ಒಂದು ದಿನ “ಅಮೆಪಾತ ನಫೂ” ಅಂತ ಬಂತು, ಗುಣಮುಖ ಆಗ್ತಿದ್ದಾರೆ ಅಂತ. ಆವತ್ತು ಚೀಲದ ವಿಷಯ ಅವರೇ ಎತ್ತಿದರು.

ಆದ್ದರಿಂದ ಉಳಿಸಿಟ್ಟ ಮೆಸೇಜನ್ನ ನಾನು ಅಳಿಸಿಹಾಕಿದೆ. ಪ್ರತಿ ಸಲ ಕೈಯಿಂದ ಬರೆದೆ. ಬರೆಯುವಾಗ ಹೋದ ಸಲ ಏನು ಹೇಳಿದ್ದರು ಅಂತ ಮೇಲೆ ಹೋಗಿ ನೋಡಬೇಕಾಗುತ್ತೆ. ಮಗಳ ಪರೀಕ್ಷೆ ಇತ್ತಾ, ಊರಿಗೆ ಹೋಗಿದ್ದರಾ? ಅದನ್ನ ಒಂದು ಪದದಲ್ಲಿ ಸೇರಿಸಿದರೆ ಸಾಕು: ಹಬಾರಿ ಝ ಸಫಾರಿ, ಪ್ರಯಾಣದ ಸುದ್ದಿ ಏನು. ಉದ್ದ ಬೇಕಾಗಿಲ್ಲ. ನಾಲ್ಕು ಸಾಲು ಕ್ಷೇಮ ಸಮಾಚಾರ ಬರೆದು ಕೊನೆಗೆ ರೇಟು ಕೇಳಿದರೆ ಓದುವವರಿಗೆ ಅದೂ ಕಿರಿಕಿರಿಯೇ. ಒಂದು ದೊಡ್ಡವರಿಗೆ, ಒಂದು ಹೊತ್ತಿಗೆ, ಒಂದು ಮನೆಗೆ, ಅಷ್ಟೇ ಸಾಕು.

ಒಬ್ಬರು ಕೇಳಿದರು, ಬರೀ ಶಿಕಾಮೋ ಹಾಕಿ ಉತ್ತರ ಬಂದ ಮೇಲೆ ವ್ಯವಹಾರ ಕಳಿಸಬೇಕಾ, ಅಥವಾ ಎಲ್ಲ ಒಟ್ಟಿಗೆ ಹಾಕಬಹುದಾ ಅಂತ. ಎದುರಿಗೆ ಸಿಕ್ಕರೆ ಒಂದೊಂದಕ್ಕೂ ಉತ್ತರ ಬರುವವರೆಗೆ ಕಾಯಬೇಕು. ಮೆಸೇಜಲ್ಲಿ ಹಾಗೆ ಕಾಯ್ತಾ ಕೂತರೆ ಕೆಲಸ ಸಂಜೆ ಆಗುತ್ತೆ, ಅವರಿಗೂ ಗಿರಾಕಿಗಳಿದ್ದಾರೆ. ಪರಿಚಯದವರಾದರೆ ಒಟ್ಟಿಗೇ ಹಾಕಿ, ಆದರೆ ಕ್ಷೇಮ ಸಮಾಚಾರ ಮೊದಲ ಸಾಲಲ್ಲಿ, ವ್ಯವಹಾರ ಕೆಳಗಿನ ಸಾಲಲ್ಲಿ ಇರಲಿ. ಹೊಸಬರಾದರೆ ಮೊದಲ ದಿನ ಕಾಯೋದು ಒಳ್ಳೇದು, ಜೊತೆಗೆ ನಾನು ಯಾರು, ಯಾರು ನಂಬರ್ ಕೊಟ್ಟರು ಅಂತ ಒಂದು ಮಾತು. ಅದೇ ದಿನ ಎರಡನೇ ಮೆಸೇಜು ಹಾಕುವಾಗ ಮತ್ತೆ ಶಿಕಾಮೋದಿಂದ ಶುರು ಮಾಡಬೇಕಾಗಿಲ್ಲ. ತುರ್ತಿದ್ದರೆ ‘ಸಮಹಾನಿ ಮಾಮ’ ಅಂತ ಹೇಳಿ ವಿಷಯಕ್ಕೆ ಬನ್ನಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ, ದಿನಾ ಹಾಗೆ ಮಾಡದಿದ್ದರೆ.

ಇನ್ನೊಬ್ಬರು ನೈರೋಬಿ ಬಗ್ಗೆ ಕೇಳಿದರು. ಅಲ್ಲಿ ಚಿಕ್ಕ ವಯಸ್ಸಿನ ವ್ಯಾಪಾರಿಗಳು ‘ಸಾಸ?’ ‘ಪೋವ’ ಅಂತ ಎರಡು ಪದದಲ್ಲಿ ಮುಗಿಸುತ್ತಾರೆ, ನಡುವೆ ಇಂಗ್ಲಿಷೂ ಬರುತ್ತೆ. ಅವರಿಗೆ ನನ್ನ ಮಾಮಾನ ಮೆಸೇಜು ಕಳಿಸಿದರೆ ಅಜ್ಜಿ ಕಾಲದ್ದು ಅನ್ನಿಸಬಹುದು. ದಾರ್ ಎಸ್ ಸಲಾಮ್, ಜಂಜಿಬಾರ್, ಮೊಂಬಾಸಾ ಕಡೆ ಈ ಉದ್ದ ಬೇಕು. ಮುಸ್ಲಿಮರಾದರೆ ಮೊದಲು ಸಲಾಂ ಹೇಳಿ ಆಮೇಲೆ ಹಬಾರಿ. ಎದುರಿನವರು ಹೇಗೆ ಬರೀತಾರೋ ಒಂದು ವಾರ ನೋಡಿ, ಅದರ ಉದ್ದಕ್ಕೆ ನಿಮ್ಮದನ್ನ ಹೊಂದಿಸಿಕೊಳ್ಳಿ.

ಕೊನೆಯ ತುಂಡು ಉಳಿಯಿತು. ವಸಲಿಮೀಯೆ ನ್ಯುಂಬಾನಿ, ಮನೆಯವರಿಗೆಲ್ಲ ನನ್ನ ಸಲಾಂ ಹೇಳಿ. ‘ಮನೇಲಿ ಕೇಳಿದೆ ಅಂತ ಹೇಳಿ’ ಅಂತ ನಾವು ಅನ್ನೋದು ಇದನ್ನೇ. ಇದಕ್ಕೆ ಅವರು ಕೊಡುವ ಉತ್ತರ ಒಂದೇ ಪದ: ಝಿಮೆಫೀಕ. ತಲುಪಿದವು, ಅಂದರೆ ಸಲಾಂಗಳು ತಲುಪಿದವು ಅಂತ. ಮೆಸೇಜಿನ ಕಟ್ಟಕಡೆಯ ಸಾಲಿಗೆ ಬರುವ ಉತ್ತರ ಅದು. ಅದು ಬಂತು ಅಂದರೆ ಮೇಲಿನ ಸಂಖ್ಯೆ, ದಿನ ಎಲ್ಲ ದಾಟಿ ಕೊನೆವರೆಗೆ ಓದಿದ್ದಾರೆ. ಆ ಅಕ್ಟೋಬರ್ ಆದ ಮೇಲೆ ನಾನು ಮೊದಲು ನ್ಝೂರಿ ಪಕ್ಕದ ಪದ ನೋಡುತ್ತಿದ್ದೆ, ಆಮೇಲೆ ಝಿಮೆಫೀಕ ಇದೆಯಾ ನೋಡುತ್ತಿದ್ದೆ, ಎರಡೂ ಸರಿ ಇದ್ದರೆ ಶುಕ್ರವಾರದ ಗಾಡಿಗೆ ಫೋನ್ ಮಾಡುತ್ತಿದ್ದೆ.